ದರ ಕಾಯುವ ಕೆಲಸ ಯಂತ್ರಕ್ಕಿರಲಿ

ಭಾರತದ ಷೇರುಪೇಟೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ನಡೆಯುತ್ತದೆ. ಕಾಲೇಜಿನ ತರಗತಿಗಳೂ ಹೆಚ್ಚುಕಡಿಮೆ ಅದೇ ಹೊತ್ತಿನವು. ಹಣಕಾಸು ಕ್ಲಬ್ಬಿನ ಸದಸ್ಯರು ಡೆಸ್ಕಿನ ಕೆಳಗೆ ಮೊಬೈಲ್ ಹಿಡಿದು ದರ ನೋಡುತ್ತಾ ಕೂತರೆ ಪಾಠವೂ ತಲೆಗೆ ಹತ್ತುವುದಿಲ್ಲ, ದರದ ಮೇಲೂ ನಿಗಾ ಉಳಿಯುವುದಿಲ್ಲ.

ರೇಡಾರ್ ಪರದೆ ಕಾಯುವವರು ಕಣ್ಣೆದುರಿನ ಸುಳಿವನ್ನೇ ಏಕೆ ತಪ್ಪಿಸಿಕೊಳ್ಳುತ್ತಾರೆ ಎಂಬುದನ್ನು ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿ 1948ರಲ್ಲಿ ವರದಿ ಮಾಡಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಮನ ಕುಸಿಯುತ್ತಿತ್ತು. ಷೇರುಪೇಟೆಯ ಪರದೆಗೆ ಇನ್ನೊಂದು ಕೆಡುಕೂ ಇದೆ: ಕ್ಷಣಕ್ಷಣವೂ ಅಲುಗಾಡುವ ಅಂಕಿ ಬೇಡದ ವಹಿವಾಟಿಗೆ ಕೈ ಎಳೆಯುತ್ತದೆ.

ಯಂತ್ರದ ನಿಗಾದಲ್ಲಿ ತೀರ್ಮಾನ ಮೊದಲೇ, ಪೇಟೆ ಮುಚ್ಚಿರುವಾಗ ಆಗುತ್ತದೆ. 500 ರೂಪಾಯಿಗೆ ಕೊಂಡ ಷೇರು 460ಕ್ಕೆ ಇಳಿದರೆ ಮಾರಬೇಕು ಎಂದಿಟ್ಟುಕೊಳ್ಳೋಣ. ಬ್ರೋಕರುಗಳು ಕೊಡುವ ಜಿಟಿಟಿ ಸೌಲಭ್ಯದಲ್ಲಿ ಟ್ರಿಗರ್ ದರ 460, ಲಿಮಿಟ್ ದರ 455 ಎಂದು ನಮೂದಿಸಬಹುದು. ಸಾಮಾನ್ಯ ಸ್ಟಾಪ್‌ಲಾಸ್ ಆ ದಿನದ ವಹಿವಾಟಿನೊಂದಿಗೆ ಮುಗಿಯುತ್ತದೆ; ಜಿಟಿಟಿ ಹಲವು ದಿನ ನಿಲ್ಲುತ್ತದೆ. ದರ 460 ಮುಟ್ಟಿದೊಡನೆ ಮಾರಾಟದ ಆರ್ಡರ್ ತಾನಾಗಿ ವಿನಿಮಯ ಕೇಂದ್ರಕ್ಕೆ ಹೋಗುತ್ತದೆ. ಇಳಿಕೆ ಮೆಲ್ಲಗಿದ್ದರೆ ಷೇರಿಗೆ 40-45 ರೂಪಾಯಿ ನಷ್ಟದಲ್ಲಿ ಕೆಲಸ ಮುಗಿಯುತ್ತದೆ.

ಆದರೆ ರಾತ್ರಿ ಕೆಟ್ಟ ಸುದ್ದಿ ಬಂದು ಮರುದಿನ ಷೇರು ನೇರ 430ಕ್ಕೇ ತೆರೆದುಕೊಂಡರೆ? ಟ್ರಿಗರ್ ದಾಟಿದ್ದರಿಂದ ಆರ್ಡರ್ ಹೊರಡುತ್ತದೆ, ನಿಜ. 455 ಕೊಡುವವರು ಮಾತ್ರ ಯಾರೂ ಇರುವುದಿಲ್ಲ. ಆರ್ಡರ್ ಸಾಲಿನಲ್ಲೇ ಉಳಿಯುತ್ತದೆ, ಷೇರು ಖಾತೆಯಲ್ಲೇ ಇರುತ್ತದೆ, ನಷ್ಟ ಬೆಳೆಯುತ್ತದೆ. ಟ್ರಿಗರ್ ಆಯಿತೆಂಬ ಸಂದೇಶ ನೋಡಿ ಮಾರಾಟವಾಯಿತೆಂದು ನಂಬುವವರು ಎಡವುವುದು ಇಲ್ಲೇ. ಮಾರಾಟವಾಗಿದೆಯೋ ಇಲ್ಲವೋ ಎಂಬುದನ್ನು ಆರ್ಡರ್ ಪುಸ್ತಕ ತೆರೆದೇ ತಿಳಿಯಬೇಕು. ಲಿಮಿಟ್ ದರವನ್ನು ಇನ್ನಷ್ಟು ಕೆಳಗಿಟ್ಟರೆ ಮಾರಾಟದ ಸಂಭವ ಹೆಚ್ಚುತ್ತದೆ, ಸಿಗುವ ಬೆಲೆ ಕಡಿಮೆಯಾಗಬಹುದು. ಎರಡನ್ನೂ ಖಾತರಿಪಡಿಸುವ ಸಾಧನವಿಲ್ಲ.

ದರವನ್ನಷ್ಟೇ ನೋಡುವ ಅಲರ್ಟ್‌ಗೆ ಕಾರಣ ತಿಳಿಯದು. 10 ರೂಪಾಯಿ ಮುಖಬೆಲೆಯ ಷೇರು 2 ರೂಪಾಯಿಯ ಐದು ಷೇರುಗಳಾಗಿ ವಿಭಜನೆಯಾದ ದಿನ 500ರ ದರ ನೂರರ ಆಸುಪಾಸಿಗೆ ಬರುತ್ತದೆ. ಯಾರಿಗೂ ನಷ್ಟವಿಲ್ಲ, ಹಳೆಯ ಮಿತಿಯನ್ನು ಬದಲಿಸದಿದ್ದರೆ ಅಲರ್ಟ್ ಮಾತ್ರ ಬೊಬ್ಬೆ ಹಾಕುತ್ತದೆ.

ಸುಳ್ಳು ಕೂಗಿಗಿಂತ ಅಪಾಯದ್ದು ಮೌನ. 2021ರ ಫೆಬ್ರುವರಿ 24ರಂದು ತಾಂತ್ರಿಕ ತೊಂದರೆಯಿಂದ ಎನ್‌ಎಸ್‌ಇ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತು, ಮತ್ತೆ ಶುರುವಾದದ್ದು 3.45ಕ್ಕೆ. ಅಂಥ ಹೊತ್ತಿನಲ್ಲಿ ದರ ಬದಲಾಗದ ಕಾರಣ ದರದ ಅಲರ್ಟ್ ಸುಮ್ಮನಿರುತ್ತದೆ, ಮೊಬೈಲ್ ಹಿಡಿದವರಿಗೆ ಎಲ್ಲ ಸರಿಯಿದೆ ಎಂದೇ ತೋರುತ್ತದೆ. ಕ್ಲಬ್ಬಿನವರು ಸ್ವಂತ ನಿಗಾ ವ್ಯವಸ್ಥೆ ಬರೆಯುವುದಾದರೆ ಕೊನೆಯ ದರ ಬಂದ ಸಮಯವನ್ನೂ ಅದು ಪರೀಕ್ಷಿಸಬೇಕು. ಪೇಟೆಯ ವೇಳೆಯಲ್ಲಿ ಐದು ನಿಮಿಷ ಹೊಸ ದರ ಬಾರದಿದ್ದರೆ ಅದಕ್ಕೂ ಒಂದು ಅಲರ್ಟ್ ಹೋಗಬೇಕು.