ಒಂದೇ ಕಿವಿ ಮುಚ್ಚಿದೆ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಡ್ಡೆ: ಮೂರಕ್ಕೂ ಮೂಲ ಮೂಗಿನ ಹಿಂದೆ ಇರಬಹುದು

ಕಬಕ: ಕಬಕ ಜಂಕ್ಷನ್‌ನಲ್ಲಿ ಅಂಗಡಿ ಇಟ್ಟುಕೊಂಡಿರುವ, ಐವತ್ತು ದಾಟಿದ ಒಬ್ಬರನ್ನು ಕಲ್ಪಿಸಿಕೊಳ್ಳಿ. ಇವರು ನಿಜವಾದ ವ್ಯಕ್ತಿ ಅಲ್ಲ, ವಿಷಯ ಅರ್ಥವಾಗಲಿ ಅಂತ ನಾವು ಮಾಡಿಕೊಂಡ ಉದಾಹರಣೆ. ಆದರೆ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರ ಕಥೆ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಜುಲೈ ತಿಂಗಳ ಜಡಿಮಳೆಯಲ್ಲಿ ಅವರ ಎಡಗಿವಿ ಮುಚ್ಚಿದ ಹಾಗೆ ಆಯಿತು. ಶೀತ ಇರಬೇಕು, ಇಲ್ಲದಿದ್ದರೆ ಗುಗ್ಗೆ ಕಟ್ಟಿರಬೇಕು ಅಂದುಕೊಂಡು ಮೆಡಿಕಲ್‌ನಿಂದ ಡ್ರಾಪ್ಸ್ ತಂದು ಹಾಕಿದರು. ಕಡಿಮೆ ಆಗಲಿಲ್ಲ. ಫೋನನ್ನು ಬಲಗಿವಿಗೆ ಹಿಡಿಯುವುದು ಅಭ್ಯಾಸವಾಯಿತು, ವಿಷಯ ಮರೆತೇ ಹೋಯಿತು. ಸೆಪ್ಟೆಂಬರ್ ಹೊತ್ತಿಗೆ ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ಒಳಗೆ ಎಳೆದು ಉಗುಳಿದ ಕಫದಲ್ಲಿ ರಕ್ತದ ಎಳೆ ಕಾಣತೊಡಗಿತು. ಮನೆಯಲ್ಲಿ ಉಷ್ಣ ಅಂದರು, ಎಳನೀರು ಕುಡಿಸಿದರು. ನವೆಂಬರಿನಲ್ಲಿ ಕ್ಷೌರದಂಗಡಿಯವರು ಗಡ್ಡ ಮಾಡುವಾಗ "ಇಲ್ಲಿ ಏನೋ ಗಂಟು ಉಂಟಲ್ಲ ಅಣ್ಣ" ಅಂದರು. ಕಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ, ಅಡಿಕೆಯಷ್ಟು ಗಾತ್ರದ ಗಟ್ಟಿ ಗಡ್ಡೆ. ನೋವು ಚೂರೂ ಇಲ್ಲ. ಎರಡು ಸಲ ಆಂಟಿಬಯೋಟಿಕ್ ಆಯಿತು. ಗಡ್ಡೆ ಅಲ್ಲೇ ಇತ್ತು.

ಫೆಬ್ರವರಿಯಲ್ಲಿ ಇಎನ್‌ಟಿ ಡಾಕ್ಟರು ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡಿದಾಗ ಮೂಗಿನ ತೀರಾ ಹಿಂದಿನ ಗೋಡೆಯಲ್ಲಿ ಮಾಂಸದ ಬೆಳವಣಿಗೆ ಕಂಡಿತು. ಅದು ನೇಸೋಫೆರಿಂಜಿಯಲ್ ಕ್ಯಾನ್ಸರ್, ಅಂದರೆ ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್. ಏಳು ತಿಂಗಳಲ್ಲಿ ಮೂರು ಲಕ್ಷಣ ಬಂದಿದ್ದವು. ಅವರು ಮೂರನ್ನೂ ಮೂರು ಬೇರೆ ಬೇರೆ ಕಡೆ ಹೇಳಿದ್ದರು. ಒಟ್ಟಿಗೆ ಒಬ್ಬರ ಎದುರು ಹೇಳಿರಲಿಲ್ಲ.

ಕಿವಿಗೂ ಮೂಗಿಗೂ ಏನು ಸಂಬಂಧ ಅಂತ ಕೇಳಬಹುದು. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವಾಗ ಕಿವಿ ಗುಂಯ್ ಅಂತ ಮುಚ್ಚಿಕೊಳ್ಳುವುದು, ಎಂಜಲು ನುಂಗಿದರೆ ಟಪ್ ಅಂತ ಬಿಟ್ಟುಕೊಳ್ಳುವುದು ನಮಗೆಲ್ಲ ಗೊತ್ತು. ಕಿವಿಯ ತಮಟೆಯ ಹಿಂದಿನ ಜಾಗಕ್ಕೆ ಗಾಳಿ ಹೋಗಲು ಒಂದು ಸಣ್ಣ ಕೊಳವೆ ಇದೆ, ಹೆಸರು ಯೂಸ್ಟೇಶಿಯನ್ ನಳಿಕೆ. ನುಂಗಿದಾಗ ತೆರೆಯುವುದು ಅದೇ. ಆ ಕೊಳವೆಯ ಇನ್ನೊಂದು ಬಾಯಿ ಇರುವುದು ಮೂಗಿನ ಹಿಂದೆ, ಕಿರುನಾಲಿಗೆಯ ಮೇಲ್ಗಡೆ. ಅದರ ಪಕ್ಕದಲ್ಲೇ ಒಂದು ಸಣ್ಣ ಕುಳಿ ಇದೆ. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಕುಳಿಯಲ್ಲಿ. ಗಡ್ಡೆ ಸ್ವಲ್ಪ ಬೆಳೆದರೂ ಕೊಳವೆಯ ಬಾಯಿ ಕಟ್ಟುತ್ತದೆ. ಗಾಳಿ ಹೋಗದೆ ತಮಟೆಯ ಹಿಂದೆ ನೀರು ತುಂಬುತ್ತದೆ. ಕಿವಿಯಲ್ಲಿ ಕಾಯಿಲೆ ಇಲ್ಲ, ಆದರೂ ಕಿವಿ ಕೇಳುವುದಿಲ್ಲ. ಹಾಗಾಗಿ ಯಾವ ಡ್ರಾಪ್ಸ್ ಹಾಕಿದರೂ ಉಪಯೋಗ ಇಲ್ಲ.

ಮಕ್ಕಳಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಊದಿ ಕಿವಿಯಲ್ಲಿ ನೀರು ತುಂಬುವುದು ಸಾಮಾನ್ಯ, ಹೆಚ್ಚಾಗಿ ಎರಡೂ ಕಿವಿಗೆ. ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ನಿಂತು, ಶೀತ ಹೋಗಿ ವಾರಗಳಾದರೂ ಇಳಿಯದಿದ್ದರೆ ಮಾತ್ರ ಡಾಕ್ಟರು ಮೂಗಿನ ಹಿಂಭಾಗವನ್ನು ನೋಡಲೇಬೇಕು.

ಕುತ್ತಿಗೆಯ ಗಡ್ಡೆಗೂ ಕಾರಣ ಇದೇ ಜಾಗ. ಅಲ್ಲಿಂದ ಕುತ್ತಿಗೆಯ ದುಗ್ಧ ಗ್ರಂಥಿಗಳಿಗೆ ಹೋಗುವ ನಾಳಗಳು ತುಂಬಾ ಇವೆ. ಕ್ಯಾನ್ಸರ್ ಕೋಶಗಳು ಬೇಗ ಅಲ್ಲಿಗೆ ಹೋಗಿ ಬೆಳೆಯುತ್ತವೆ. ಮೂಲ ಗಡ್ಡೆಯಾದರೋ ಖಾಲಿ ಜಾಗದಲ್ಲಿ ಇರುತ್ತದೆ, ಒತ್ತುವುದಿಲ್ಲ, ನೋಯುವುದಿಲ್ಲ, ಬಾಯಿ ತೆರೆದರೆ ಕಾಣುವುದೂ ಇಲ್ಲ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಮೂಲ ಗಡ್ಡೆಗಿಂತ ಮೊದಲು ಕುತ್ತಿಗೆಯ ಗಂಟೇ ಗೊತ್ತಾಗುತ್ತದೆ. ಕೆಲವರಿಗೆ ಗಡ್ಡೆ ಮೇಲಕ್ಕೆ ತಲೆಬುರುಡೆಯ ಬುಡದ ಕಡೆ ಹೋಗಿ, ಒಂದು ವಸ್ತು ಎರಡಾಗಿ ಕಾಣುವುದು, ಕೆನ್ನೆ ಜೋಮು ಹಿಡಿಯುವುದು ಶುರುವಾಗುತ್ತದೆ. ಅದು ಮುಂದುವರಿದ ಹಂತ.

ಮೂಗಿನಲ್ಲಿ ರಕ್ತ ಬಂದ ಎಲ್ಲರೂ ಹೆದರಬೇಕಾಗಿಲ್ಲ. ಹೆಚ್ಚಿನ ರಕ್ತಸ್ರಾವ ಮೂಗಿನ ಮುಂಭಾಗದ ನಡುಗೋಡೆಯಿಂದ ಬರುತ್ತದೆ: ಸೆಕೆ, ಮೂಗು ಒಣಗುವುದು, ಬೆರಳು ಹಾಕುವುದು ಇದಕ್ಕೆ ಕಾರಣ. ವಯಸ್ಸಾದವರಲ್ಲಿ ಬಿಪಿ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನೋಡಬೇಕಾಗುತ್ತದೆ. ಇಲ್ಲಿ ಗಮನಿಸಬೇಕಾದ್ದು ಬೇರೆ ರೀತಿಯದು. ಸ್ವಲ್ಪವೇ ರಕ್ತ, ಆದರೆ ಮತ್ತೆ ಮತ್ತೆ, ಹಿಂದಿನಿಂದ ಇಳಿದು ಕಫದ ಜೊತೆ ಬರುವುದು, ಮುಖ್ಯವಾಗಿ ಬೆಳಿಗ್ಗೆ.

ಈಗ ವೈರಸ್ ವಿಷಯ. ಹೆಸರು ಎಪ್‌ಸ್ಟೈನ್-ಬಾರ್ ವೈರಸ್. 1964ರಲ್ಲಿ ಲಂಡನ್ನಿನಲ್ಲಿ ಆಂಥೊನಿ ಎಪ್‌ಸ್ಟೈನ್, ಇವಾನ್ ಬಾರ್ ಮತ್ತು ಬರ್ಟ್ ಅಚಾಂಗ್ ಇದನ್ನು ಕಂಡುಹಿಡಿದರು. ಅವರು ನೋಡಿದ್ದು ಆಫ್ರಿಕಾದ ಉಗಾಂಡಾದಿಂದ ತರಿಸಿದ್ದ, ಮಕ್ಕಳ ದವಡೆಯಲ್ಲಿ ಬರುವ ಬರ್ಕಿಟ್ ಲಿಂಫೋಮಾ ಎಂಬ ಗಡ್ಡೆಯ ಕೋಶಗಳನ್ನು. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಈ ವೈರಸ್ ಇದೆ. ಎಂಜಲಿನ ಮೂಲಕ ಹರಡುತ್ತದೆ. ನಮ್ಮ ಕಡೆ ಹೆಚ್ಚಿನವರಿಗೆ ಸಣ್ಣ ಪ್ರಾಯದಲ್ಲೇ ಗೊತ್ತೇ ಆಗದೆ ಬಂದಿರುತ್ತದೆ, ಆಮೇಲೆ ಬಿಳಿ ರಕ್ತಕಣಗಳಲ್ಲಿ ಜೀವನಪೂರ್ತಿ ಸುಮ್ಮನೆ ಮಲಗಿರುತ್ತದೆ. ನನ್ನಲ್ಲೂ ಇರಬಹುದು, ಇದನ್ನು ಓದುವ ನಿಮ್ಮಲ್ಲೂ ಇರಬಹುದು.

ಹಾಗಾದರೆ ಕ್ಯಾನ್ಸರಿಗೆ ಇದೇ ಕಾರಣ ಅಂತ ಹೇಗೆ ಹೇಳುತ್ತಾರೆ? ಈ ಕ್ಯಾನ್ಸರಿನ ಸಾಮಾನ್ಯ ವಿಧದಲ್ಲಿ ಬಯಾಪ್ಸಿ ತುಂಡನ್ನು ವಿಶೇಷ ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಕೋಶಗಳ ಒಳಗೇ ವೈರಸ್ಸಿನ ಗುರುತು ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಡ್ಡೆಯ ಎಲ್ಲ ಕೋಶಗಳಲ್ಲೂ ಒಂದೇ ಮೂಲದ ವೈರಸ್ಸಿನ ಪ್ರತಿ ಇರುತ್ತದೆ. ಅಂದರೆ ಗಡ್ಡೆ ಬೆಳೆದ ಮೇಲೆ ವೈರಸ್ ಬಂದು ಸೇರಿದ್ದಲ್ಲ. ವೈರಸ್ ಹೊಕ್ಕ ಒಂದು ಕೋಶವೇ ಒಡೆದು ಒಡೆದು ಗಡ್ಡೆಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಣಗಳ ಪಟ್ಟಿಗೆ ಸೇರಿಸಿತು.

ಆದರೆ ವೈರಸ್ ಒಂದೇ ಸಾಕಾಗುವುದಿಲ್ಲ. ಸಾಕಾಗಿದ್ದರೆ ಊರಿಗೆ ಊರೇ ರೋಗ ಬರಬೇಕಿತ್ತು. ವಂಶವಾಹಿ ಮತ್ತು ಆಹಾರ, ಹೊಗೆ ಇತ್ಯಾದಿಯೂ ಸೇರಬೇಕು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ, ಹಾಂಗ್‌ಕಾಂಗ್, ಆಗ್ನೇಯ ಏಷ್ಯಾದಲ್ಲಿ ಈ ರೋಗ ಹೆಚ್ಚು. ಭಾರತದಲ್ಲಿ ಅಪರೂಪ, ಆದರೆ ನಾಗಾಲ್ಯಾಂಡ್, ಮಣಿಪುರದ ಕಡೆ ಎದ್ದು ಕಾಣುವಷ್ಟು ಇದೆ. ಈಶಾನ್ಯ ರಾಜ್ಯಗಳಿಂದ ಬಂದು ಹೋಟೆಲ್, ತೋಟ, ಕಾರ್ಖಾನೆಗಳಲ್ಲಿ ದುಡಿಯುವವರು ಈಗ ನಮ್ಮಲ್ಲೂ ಇದ್ದಾರೆ. ಅವರಲ್ಲಿ ಯಾರಾದರೂ ಕುತ್ತಿಗೆಯಲ್ಲಿ ಗಂಟು, ಕಿವಿ ಕೇಳುವುದಿಲ್ಲ ಅಂದರೆ ಧಣಿಗಳು ಮಾತ್ರೆ ಕೊಟ್ಟು ಸುಮ್ಮನಾಗಿಸಬಾರದು. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ರೋಗಿಯ ತಟ್ಟೆ ಲೋಟ ಬೇರೆ ಇಡುವ ಅಗತ್ಯ ಇಲ್ಲ.

ಒಣಮೀನಿನ ಪ್ರಶ್ನೆ ಬಂದೇ ಬರುತ್ತದೆ. ಚೀನಾ ಶೈಲಿಯ ಉಪ್ಪುಮೀನು ಈ ಕ್ಯಾನ್ಸರಿಗೆ ಕಾರಣ ಅಂತ ಸಾಬೀತಾಗಿದೆ. ಅಲ್ಲಿ ಮೀನನ್ನು ಉಪ್ಪು ಹಾಕುವ ಮೊದಲು ಸ್ವಲ್ಪ ಕೊಳೆಯಲು ಬಿಡುವುದುಂಟು, ಮಕ್ಕಳಿಗೆ ಮೊಲೆ ಬಿಡಿಸುವಾಗಿನಿಂದಲೇ ಗಂಜಿ ಜೊತೆ ಕೊಡುವ ರೂಢಿಯೂ ಇತ್ತು. ಆ ತೀರ್ಪನ್ನು ಹಾಗೇ ತಂದು ನಮ್ಮ ನುಂಗೆಲ್ ಮೀನಿಗೆ ಅಂಟಿಸಲು ಬರುವುದಿಲ್ಲ. ಇನ್ನು ಬೀಡ, ಗುಟ್ಕಾ ಮುಖ್ಯವಾಗಿ ಬಾಯಿಯ ಕ್ಯಾನ್ಸರಿಗೆ ದಾರಿ. "ನಾನು ಏನೂ ಜಗಿಯುವುದಿಲ್ಲ, ನನಗೆ ಹೇಗೆ ಬರುತ್ತದೆ" ಅಂತ ಗಡ್ಡೆಯನ್ನು ಬಿಟ್ಟುಬಿಡುವುದು ತಪ್ಪು ಲೆಕ್ಕ. ಹದಿಹರೆಯದವರಲ್ಲೂ ಈ ರೋಗ ಬರುವುದುಂಟು.

ಲ್ಯಾಬಿಗೆ ಹೋಗಿ ವೈರಸ್ಸಿನ ಆಂಟಿಬಾಡಿ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದಾ? ಇಲ್ಲ. ಬಹುತೇಕ ಎಲ್ಲರಿಗೂ ಪಾಸಿಟಿವ್ ಬರುತ್ತದೆ, ವೃಥಾ ಖರ್ಚು, ವೃಥಾ ಭಯ. ಬೇರೆ ಒಂದು ಪರೀಕ್ಷೆ ಇದೆ, ರಕ್ತದಲ್ಲಿ ವೈರಸ್ಸಿನ ಡಿಎನ್ಎ ಚೂರುಗಳನ್ನು ಅಳೆಯುವುದು. ಹಾಂಗ್‌ಕಾಂಗ್‌ನಲ್ಲಿ ಲಕ್ಷಣವೇ ಇಲ್ಲದ ಸುಮಾರು 20,000 ಗಂಡಸರಿಗೆ ಈ ಪರೀಕ್ಷೆ ಮಾಡಿ 34 ಮಂದಿಯಲ್ಲಿ ಕ್ಯಾನ್ಸರ್ ಪತ್ತೆ ಮಾಡಿದರು, ಹೆಚ್ಚಿನವು ಆರಂಭದ ಹಂತದಲ್ಲೇ. ಆ ವರದಿ ಬಂದದ್ದು 2017ರಲ್ಲಿ. ರೋಗ ಹೆಚ್ಚಿರುವ ಊರಲ್ಲಿ ಸಿಕ್ಕಿದ್ದೇ 34. ನಮ್ಮಲ್ಲಿ ಎಲ್ಲರಿಗೂ ಹಾಗೆ ಮಾಡಿಸುವುದರಲ್ಲಿ ಅರ್ಥ ಇಲ್ಲ. ರೋಗ ಖಚಿತವಾದವರಲ್ಲಿ ಚಿಕಿತ್ಸೆ ಎಷ್ಟು ಕೆಲಸ ಮಾಡಿದೆ ಅಂತ ನೋಡಲು ಅದು ಸಹಾಯಕ್ಕೆ ಬರುತ್ತದೆ.

ನಮಗೆ ಬೇಕಾದದ್ದು ಎಂಡೋಸ್ಕೋಪಿ. ಮೂಗಿಗೆ ಮರಗಟ್ಟುವ ಔಷಧ ಸ್ಪ್ರೇ ಮಾಡಿ, ಕ್ಯಾಮೆರಾ ಇರುವ ತೆಳ್ಳಗಿನ ನಳಿಕೆ ಒಳಗೆ ಹಾಕುತ್ತಾರೆ. ಕೆಲವು ನಿಮಿಷದ ಕೆಲಸ. ಸಂಶಯದ ಜಾಗ ಕಂಡರೆ ಬಯಾಪ್ಸಿ, ಕುತ್ತಿಗೆಯ ಗಡ್ಡೆಗೆ ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ. ಕೆಲವೊಮ್ಮೆ ಗಡ್ಡೆ ಪೊರೆಯ ಅಡಿಯಲ್ಲಿದ್ದು ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ, ಆಗ ಎಂಆರ್‌ಐ ಬೇಕು.

ಹೆಚ್ಚು ಎಡವುವುದು ಎರಡು ಕಡೆ. ಕುತ್ತಿಗೆ ಗಡ್ಡೆ ಅಂದ ಕೂಡಲೇ ಟಿಬಿ ಅಂತ ಊಹಿಸಿ ಪರೀಕ್ಷೆ ಇಲ್ಲದೆ ಟಿಬಿ ಮಾತ್ರೆ ಶುರು ಮಾಡುವುದು ಒಂದು. ನಮ್ಮಲ್ಲಿ ಟಿಬಿ ಗಡ್ಡೆ ಸಾಮಾನ್ಯವೇ, ಊಹೆ ಹಲವು ಸಲ ಸರಿಯೂ ಆಗುತ್ತದೆ. ತಪ್ಪಿದಾಗ ಮಾತ್ರ ತಿಂಗಳುಗಳೇ ಹೋಗುತ್ತವೆ. ಇನ್ನೊಂದು, ಮೂಗಿನ ಹಿಂದೆ ನೋಡದೆಯೇ ಕುತ್ತಿಗೆಯ ಗಂಟನ್ನು ಕೊಯ್ದು ತೆಗೆಸುವುದು. ಗಂಟು ಹೋಯಿತು ಅಂತ ಸಮಾಧಾನ ಆಗುತ್ತದೆ, ಮೂಲ ಅಲ್ಲೇ ಉಳಿದಿರುತ್ತದೆ, ಮುಂದಿನ ಚಿಕಿತ್ಸೆಯೂ ಕಷ್ಟವಾಗಬಹುದು. ಮೂರು ವಾರ ಕಳೆದರೂ ಇಳಿಯದ ಗಂಟಿಗೆ ಮೊದಲು ಕ್ಯಾಮೆರಾ ಮತ್ತು ಸೂಜಿ, ಕತ್ತಿ ಆಮೇಲೆ.

ನಮ್ಮ ಕಬಕದ ಅಂಗಡಿಯವರಿಗೆ ಕುತ್ತಿಗೆಯ ಒಂದೇ ಬದಿಯ ಗ್ರಂಥಿಗೆ ಹರಡಿತ್ತು, ಮೂಳೆಗೆ ಹೋಗಿರಲಿಲ್ಲ. ಇದು ಗುಣವಾಗುವ ಹಂತ. ಈ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಆಪರೇಶನ್ ಅಲ್ಲ, ರೇಡಿಯೇಶನ್. ಜಾಗ ಕತ್ತಿಗೆ ಸಿಗದಷ್ಟು ಒಳಗಿದೆ, ಅದೃಷ್ಟಕ್ಕೆ ಗಡ್ಡೆ ವಿಕಿರಣಕ್ಕೆ ಚೆನ್ನಾಗಿ ಕರಗುತ್ತದೆ. ವಾರಕ್ಕೆ ಐದು ದಿನದಂತೆ 33ರಿಂದ 35 ಸಿಟ್ಟಿಂಗ್, ಅಂದರೆ ಹತ್ತಿರ ಹತ್ತಿರ ಏಳು ವಾರ. ಹರಡಿದವರಿಗೆ ಜೊತೆಯಲ್ಲಿ ಸಿಸ್‌ಪ್ಲಾಟಿನ್ ಎಂಬ ಕೀಮೋ ಡ್ರಿಪ್. ಶುರು ಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ರೇಡಿಯೇಶನ್ ಆದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯುವುದು ಕಷ್ಟ. ನಡುವೆ ಬಾಯಿ ಹುಣ್ಣಾಗಿ ಗಂಜಿ ಇಳಿಯುವುದೂ ಕಷ್ಟವಾಗುತ್ತದೆ, ಆದರೂ ದಿನ ತಪ್ಪಿಸಬಾರದು. ಮಧ್ಯೆ ಬಿಟ್ಟರೆ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯಲು ಸಮಯ ಸಿಗುತ್ತದೆ.

ರೇಡಿಯೇಶನ್ ಸೌಲಭ್ಯ ಮಂಗಳೂರು, ದೇರಳಕಟ್ಟೆ, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಇದೆ, ಬೆಂಗಳೂರಿನಲ್ಲಿ ಸರಕಾರದ ಕಿದ್ವಾಯಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಮೊದಲು ಪುತ್ತೂರಿನ ತಾಲೂಕು ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಮಾಡಿಸಿಕೊಂಡರೆ ಆಮೇಲೆ ಕೌಂಟರಿನಿಂದ ಕೌಂಟರಿಗೆ ಓಡಾಡುವುದು ತಪ್ಪುತ್ತದೆ. ರೇಷನ್ ಕಾರ್ಡ್, ಆಧಾರ್ ಎರಡೂ ಕೈಯಲ್ಲಿರಲಿ.

ಮುಗಿದ ಮೇಲೂ ಎಂಜಲು ಗ್ರಂಥಿ ಬಳಲಿ ಬಾಯಿ ಒಣಗುವುದು ಹಲವರಿಗೆ ಉಳಿಯುತ್ತದೆ. ಗಲ್ಲೆಯ ಪಕ್ಕ ನೀರಿನ ಬಾಟಲಿ ಇಟ್ಟುಕೊಂಡೇ ವ್ಯಾಪಾರ ಮಾಡಬೇಕಾಗುತ್ತದೆ. ಬಾಯಿ ಬಿಗಿಯದಂತೆ ದಿನಾ ದವಡೆಯ ವ್ಯಾಯಾಮ, ಆಗಾಗ ಥೈರಾಯ್ಡ್ ಪರೀಕ್ಷೆ, ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ಮತ್ತೆ ಅದೇ ಮೂಗಿನ ಕ್ಯಾಮೆರಾ.