ಫೂರಿಯೆ ಬೆವರು ಸುರಿಸಿದ ಲೆಕ್ಕ, ಒಂದೇ ಸಾಲಿನಲ್ಲಿ

ಜೋಸೆಫ್ ಫೂರಿಯೆ 1807ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ವಿದ್ವತ್ಸಂಸ್ಥೆಗೆ ಶಾಖದ ಹರಿವಿನ ಬಗ್ಗೆ ಒಂದು ದೊಡ್ಡ ಪ್ರಬಂಧ ಸಲ್ಲಿಸಿದ. ಆಗ ಅವನು ಗ್ರೆನೋಬಲ್‌ನಲ್ಲಿ ಕುಳಿತು ಒಂದು ಜಿಲ್ಲೆಯ ಆಡಳಿತ ನೋಡಿಕೊಳ್ಳುತ್ತಿದ್ದ. ಗಣಿತ ಬಿಡುವಿನ ಕೆಲಸ. ಪ್ರಬಂಧದಲ್ಲಿ ಒಂದು ತೆಳು ತಗಡು ಬರುತ್ತದೆ. ಅದರ ಒಂದು ಅಂಚು ಕುದಿಯುವ ನೀರಿನ ಬಿಸಿಯಲ್ಲಿದೆ, ಅಕ್ಕಪಕ್ಕದ ಎರಡು ಅಂಚುಗಳು ಮಂಜುಗಡ್ಡೆಯ ತಂಪಿನಲ್ಲಿವೆ. ಒಳಗಿನ ಬಿಸಿ ಎಲ್ಲೆಲ್ಲಿ ಎಷ್ಟಿರುತ್ತದೆ? ಇದನ್ನು ಬಿಡಿಸಲು ಅವನಿಗೆ ವಿಚಿತ್ರವಾದದ್ದೊಂದು ಬೇಕಾಯಿತು: ಬಿಸಿ ಅಂಚಿನ ಚಪ್ಪಟೆ ರೇಖೆಯನ್ನು, ಅಂದರೆ ಬರೀ 1 ಎಂಬ ಬೆಲೆಯನ್ನು, ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವುದು.

ಯಾವ ಅಲೆ ಎಷ್ಟೆಷ್ಟು ಬೇಕು ಎಂದು ಕಂಡುಹಿಡಿಯಲು ಫೂರಿಯೆ ಮೊದಲು ಹಿಡಿದದ್ದು ಬಹಳ ಸುತ್ತಿನ ದಾರಿ. ಕೊನೆಯಿಲ್ಲದಷ್ಟು ಅವ್ಯಕ್ತಗಳು, ಅಷ್ಟೇ ಸಮೀಕರಣಗಳು. ಮೊದಲ ಕೆಲವನ್ನು ಬಿಡಿಸಿ, ಒಂದೊಂದಾಗಿ ಹೆಚ್ಚಿಸುತ್ತ ಹೋಗಿ, ಉತ್ತರ ಎತ್ತ ಸಾಗುತ್ತದೆಂದು ನೋಡಿದ. ಪುಟಗಟ್ಟಲೆ ಲೆಕ್ಕದ ಕೊನೆಗೆ ಮೊದಲ ಅಲೆಯ ಪ್ರಮಾಣ 4/π ಎಂದು ಬಂತು. ಇದೇ ಉತ್ತರವನ್ನು ಒಂದು ಸಾಲಿನಲ್ಲಿ ಪಡೆಯುವ ದಾರಿಯೂ ಅವನಿಗೆ ಆಮೇಲೆ ಸಿಕ್ಕಿತು. ಇಂದು ಇಂಜಿನಿಯರಿಂಗ್ ಓದುವವರೆಲ್ಲ ಬಾಯಿಪಾಠ ಮಾಡುವುದು ಆ ಒಂದು ಸಾಲನ್ನೇ. ಅದು ಏಕೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ಬಾಯಿಪಾಠದಲ್ಲಿ ಕಳೆದುಹೋಗುತ್ತದೆ.

ಕೋಣೆಯ ಒಂದು ಮೂಲೆಯಿಂದ ಮೂರು ಅಂಚುಗಳು ಹೊರಡುತ್ತವೆ: ಎರಡು ನೆಲದ ಮೇಲೆ, ಒಂದು ಮೇಲಕ್ಕೆ. ತೂಗುಬಿಟ್ಟ ದೀಪ ಎಲ್ಲಿದೆ ಎಂದು ಹೇಳಲು ಮೂರು ಅಳತೆ ಸಾಕು. ಒಂದು ಅಂಚಿನ ಮೇಲೆ ದೀಪದ ನೇರಕ್ಕೆ ಬೀಳುವ ಬಿಂದು ಎಷ್ಟು ದೂರದಲ್ಲಿದೆ ಎಂದು ಅಳೆಯುವಾಗ ಉಳಿದೆರಡು ಅಂಚುಗಳನ್ನು ವಿಚಾರಿಸಬೇಕಾಗಿಲ್ಲ. ಈ ಅಳತೆಗೆ ಪ್ರಕ್ಷೇಪ ಎನ್ನುತ್ತಾರೆ. ಅಂಚುಗಳು ಪರಸ್ಪರ ಲಂಬವಾಗಿರುವುದರಿಂದ ಈ ಸ್ವಾತಂತ್ರ್ಯ. ಅವು ಓರೆಯಾಗಿದ್ದರೆ ಒಂದರ ಅಳತೆಯಲ್ಲಿ ಇನ್ನೊಂದರದ್ದು ಸೇರಿಕೊಂಡಿರುತ್ತದೆ. ಬೇರ್ಪಡಿಸಲು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು.

ಅಲೆಗಳಿಗೆ ಲಂಬ ಎಂದರೇನು? ಎರಡು ಬಾಣಗಳು ಲಂಬವೋ ಎಂದು ಪರೀಕ್ಷಿಸಲು ಅವುಗಳ ಅಂಶಗಳನ್ನು ಜೊತೆಜೊತೆಯಾಗಿ ಗುಣಿಸಿ ಕೂಡುತ್ತೇವೆ. ಸೊನ್ನೆ ಬಂದರೆ ಲಂಬ. ಫಲನಗಳಿಗೂ ಅದೇ. ಎರಡನ್ನೂ ಪ್ರತಿ ಬಿಂದುವಿನಲ್ಲಿ ಗುಣಿಸಿ, ಒಂದು ಪೂರ್ತಿ ಆವರ್ತದ ಉದ್ದಕ್ಕೂ, ಅಂದರೆ −π ಇಂದ π ವರೆಗೆ, ಕೂಡುವುದು. ಬಿಂದುಗಳಿಗೆ ಕೊನೆಯಿಲ್ಲದ್ದರಿಂದ ಕೂಡುವ ಜಾಗಕ್ಕೆ ಸಮಾಕಲನ ಬಂತು, ಅಷ್ಟೆ. sin x ಮತ್ತು sin 2x ಗುಣಿಸಿದರೆ (cos x − cos 3x)/2 ಸಿಗುತ್ತದೆ. ಇವೆರಡೂ ಪೂರ್ತಿ ಆವರ್ತದಲ್ಲಿ ಮೇಲೆ ಎಷ್ಟೋ ಕೆಳಗೂ ಅಷ್ಟೇ ಇರುವ ಅಲೆಗಳು, ಮೊತ್ತ ಸೊನ್ನೆ. ಬೇರೆ ಬೇರೆ ಯಾವ ಎರಡು ಸೈನ್, ಕೊಸೈನ್‌ಗಳನ್ನು ತೆಗೆದುಕೊಂಡರೂ ಇದೇ ಫಲ. ಅದೇ ಅಲೆಯನ್ನು ಅದರಿಂದಲೇ ಗುಣಿಸಿದರೆ ಮಾತ್ರ π ಉಳಿಯುತ್ತದೆ. ಬರೀ 1 ಎಂಬ ಸ್ಥಿರ ಫಲನಕ್ಕೆ ಮಾತ್ರ 2π. ಪಠ್ಯಪುಸ್ತಕದಲ್ಲಿ ಮೊದಲ ಸಹಗುಣಕವನ್ನು ಏಕೆ ಎರಡರಿಂದ ಭಾಗಿಸುತ್ತಾರೆ ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಇದೇ.

ಈಗ ಫೂರಿಯೆಯ ಚಪ್ಪಟೆ ಅಂಚನ್ನು ಕಾಲು ಸುತ್ತು ಸರಿಸಿ ನೋಡೋಣ. ಕೊಸೈನ್ ಹೋಗಿ ಸೈನ್ ಬರುತ್ತದೆ, ಲೆಕ್ಕ ಹಗುರವಾಗುತ್ತದೆ. 0 ಇಂದ π ವರೆಗೆ ಬೆಲೆ 1, −π ಇಂದ 0 ವರೆಗೆ −1. ಇದು ಚೌಕ ಅಲೆ. ಇದರಲ್ಲಿ sin x ಎಷ್ಟಿದೆ? ಚೌಕ ಅಲೆಯಿಂದ sin x ಅನ್ನು ಗುಣಿಸಿದರೆ ಬಲದ ಉಬ್ಬು ಹಾಗೇ ಉಳಿಯುತ್ತದೆ, ಎಡದ ತಗ್ಗು ಮೇಲಕ್ಕೆ ಮಗುಚಿಕೊಳ್ಳುತ್ತದೆ. ಒಂದೊಂದು ಉಬ್ಬಿನ ವಿಸ್ತೀರ್ಣ 2, ಒಟ್ಟು 4. ಅದನ್ನು sin x ನ ಸ್ವಂತ ಅಳತೆ π ಇಂದ ಭಾಗಿಸಿದರೆ 4/π, ಸುಮಾರು 1.273. ಫೂರಿಯೆ ಪುಟಗಟ್ಟಲೆ ಬರೆದು ತಲುಪಿದ ಸಂಖ್ಯೆ ಇದೇ.

sin 2x ಗೆ ಬನ್ನಿ. ಬಲ ಅರ್ಧದಲ್ಲಿ ಅದು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಚುಕ್ತಾ. ಎಡದಲ್ಲೂ ಹಾಗೆಯೇ. ಹಾಗಾಗಿ ಸೊನ್ನೆ. sin 3x ಗೆ ಬಲ ಅರ್ಧದಲ್ಲಿ ಮೂರು ಸಣ್ಣ ಉಬ್ಬುತಗ್ಗುಗಳು, ಒಂದೊಂದರ ವಿಸ್ತೀರ್ಣ 2/3. ಎರಡು ಮೇಲೆ, ಒಂದು ಕೆಳಗೆ, ಉಳಿದದ್ದು ಒಂದೇ. ಎರಡೂ ಬದಿ ಸೇರಿ 4/3, ಅಂದರೆ ಸಹಗುಣಕ 4/(3π), ಸುಮಾರು 0.424. sin 5x ಗೆ ಸುಮಾರು 0.255. ಹೀಗೆ ಬೆಸಸಂಖ್ಯೆಗಳು ಮಾತ್ರ ಉಳಿಯುತ್ತವೆ. ಕೊಸೈನ್‌ಗಳೆಲ್ಲ ಎಡಬಲ ಸಮರೂಪವಾದ್ದರಿಂದ ಈ ಅಲೆಯ ಮುಂದೆ ಸೊನ್ನೆಯೇ.

ಇಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಒಂದು: sin 3x ಸೇರಿಸಿದಾಗ sin x ನ 1.273 ಕದಲಲಿಲ್ಲ. ಇದನ್ನು ಸಹಜವೆಂದು ತಿಳಿಯಬೇಡಿ. ಅದೇ ಚೌಕ ಅಲೆಗೆ, ವರ್ಗದೋಷ ಕನಿಷ್ಠವಾಗುವಂತೆ, x ನ ಒಂದು ಗುಣಕದಿಂದ ಸರಳರೇಖೆ ಹೊಂದಿಸಿದರೆ ಆ ಗುಣಕ ಸುಮಾರು 0.48 ಬರುತ್ತದೆ. ಇನ್ನೂ ಚೆನ್ನಾಗಿ ಹೊಂದಲೆಂದು x³ ಸೇರಿಸಿದ ಕೂಡಲೇ x ನ ಗುಣಕ ಸುಮಾರು 0.90ಕ್ಕೆ ಜಿಗಿಯುತ್ತದೆ. x ಮತ್ತು x³ ಪರಸ್ಪರ ಲಂಬವಲ್ಲ. ಹೊಸಬ ಬಂದಾಗಲೆಲ್ಲ ಹಳೆಯ ಲೆಕ್ಕ ಹರಿದು ಬರೆಯಬೇಕು. ಸೈನ್‌ಗಳಲ್ಲಿ ಬರೆದದ್ದು ಬರೆದ ಹಾಗೇ ನಿಲ್ಲುತ್ತದೆ.

ಲಂಬವಾಗಿರುವುದರಿಂದ ಪೈಥಾಗೊರಸ್ ಪ್ರಮೇಯವೂ ನಡೆಯುತ್ತದೆ, ಅದರಿಂದ ತಪ್ಪು ಹಿಡಿಯಬಹುದು. ಚೌಕ ಅಲೆಯ ‘ಉದ್ದದ ವರ್ಗ’ ಎಂದರೆ ಅದರ ವರ್ಗದ ಸಮಾಕಲನ: 2π. sin x ಒಂದೇ ಅದರಲ್ಲಿ ಶೇಕಡಾ 81 ಪಾಲು ಹೊರುತ್ತದೆ, sin 3x ಶೇಕಡಾ 9, sin 5x ಶೇಕಡಾ 3ಕ್ಕೆ ಸ್ವಲ್ಪ ಮೇಲೆ. ಈ ಪಾಲುಗಳನ್ನು ಕೂಡುತ್ತ ಹೋದಾಗ 100 ದಾಟಿತೆಂದರೆ ಎಲ್ಲೋ ಎಡವಿದ್ದೀರಿ. ಸಾಮಾನ್ಯವಾಗಿ ಎಡವುವುದು ಆವರ್ತದ ಅಳತೆಯಲ್ಲಿ. ಲಂಬತೆ ಇರುವುದು ಪೂರ್ತಿ ಆವರ್ತದ ಮೇಲೆ. 0 ಇಂದ π ವರೆಗೆ ಮಾತ್ರ ಕೂಡಿದರೆ sin x ಮತ್ತು cos 2x ನ ಗುಣಲಬ್ಧದ ಮೊತ್ತ −2/3, ಲಂಬತೆ ಮಾಯ. ಕರೆಂಟಿನ ಅಲೆಯನ್ನು ಅಳೆಯುವವರು ಪೂರ್ಣ ಸಂಖ್ಯೆಯ ಸುತ್ತುಗಳನ್ನು ಹಿಡಿಯದೆ ನಡುವೆ ಕತ್ತರಿಸಿದರೆ, ಇಲ್ಲದ ಆವರ್ತಾಂಕಗಳು ಪರದೆಯ ಮೇಲೆ ಮೂಡುವುದು ಇದರಿಂದಲೇ.

ಪ್ರಕ್ಷೇಪಕ್ಕೆ ಒಂದು ಮಿತಿಯೂ ಇದೆ. ಅದು ತಗ್ಗಿಸುವುದು ಒಟ್ಟು ವರ್ಗದೋಷವನ್ನು, ಒಂದೊಂದು ಬಿಂದುವಿನ ದೋಷವನ್ನಲ್ಲ. ಚೌಕ ಅಲೆ −1 ರಿಂದ 1ಕ್ಕೆ ಜಿಗಿಯುವ ಕಡೆ ಸೈನ್‌ಗಳ ಮೊತ್ತ 1 ದಾಟಿ ಸುಮಾರು 1.18ರವರೆಗೆ ಏರುತ್ತದೆ. ಹೆನ್ರಿ ವಿಲ್ಬ್ರಹಾಮ್ 1848ರಲ್ಲೇ ಇದನ್ನು ಬರೆದಿದ್ದ. ಯಾರೂ ಗಮನಿಸಲಿಲ್ಲ, 1899ರಲ್ಲಿ ವಿವರಿಸಿದ ಅಮೆರಿಕದ ಗಿಬ್ಸ್‌ನ ಹೆಸರೇ ಅದಕ್ಕೆ ಅಂಟಿತು. ನೂರು ಅಲೆ ಸೇರಿಸಿ, ಸಾವಿರ ಸೇರಿಸಿ, ಆ ಕೋಡಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅದರ ಅಗಲ ಮಾತ್ರ ಕಿರಿದಾಗುತ್ತ ಹೋಗುತ್ತದೆ, ಒಟ್ಟು ವರ್ಗದೋಷ ಸೊನ್ನೆಯತ್ತ ಇಳಿಯುತ್ತದೆ.