ಅನುವಾದಕ್ಕೆ ಮೊದಲು ಮೂಲವನ್ನು ತಿದ್ದುವ ಕೆಲಸ

ಎಂಜಿನಿಯರಿಂಗ್ ಕೈಪಿಡಿಯ ಅನುವಾದದಲ್ಲಿ ಅರ್ಥ ಕೆಟ್ಟರೆ ಮೊದಲ ಅನುಮಾನ ಅನುವಾದಕರ ಮೇಲೆ ಬೀಳುತ್ತದೆ. ಆದರೆ ಬಹಳ ಸಲ ಅರ್ಥ ಇಂಗ್ಲಿಷ್ ಮೂಲದಲ್ಲೇ ಸಡಿಲವಾಗಿರುತ್ತದೆ. ಬರೆದ ಎಂಜಿನಿಯರಿಗೆ ಯಂತ್ರ ಚೆನ್ನಾಗಿ ಗೊತ್ತು. ವಾಕ್ಯ ಹೇಳದೆ ಬಿಟ್ಟದ್ದನ್ನು ಅವರ ತಿಳಿವಳಿಕೆಯೇ ತುಂಬಿಕೊಡುವುದರಿಂದ ಕೊರತೆ ಅವರ ಕಣ್ಣಿಗೆ ಬೀಳುವುದಿಲ್ಲ. ಅನುವಾದಕರ ಕೈಯಲ್ಲಿ ಇರುವುದು ವಾಕ್ಯ ಮಾತ್ರ. ಕೈಪಿಡಿ ಹತ್ತು ಭಾಷೆಗಳಿಗೆ ಹೋಗುವುದಾದರೆ ಅದೇ ಸಡಿಲ ವಾಕ್ಯವನ್ನು ಹತ್ತು ಮಂದಿ ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾರೆ.

ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪಿನ ಕೈಪಿಡಿಯಲ್ಲಿ ಬರಬಹುದಾದ ನಾಲ್ಕು ವಾಕ್ಯಗಳನ್ನು ನೋಡಬಹುದು: 'ಒನ್ಸ್ ದಿ ಪಂಪ್ ಈಸ್ ಅಪ್ ಅಂಡ್ ರನ್ನಿಂಗ್, ಕೀಪ್ ಆ್ಯನ್ ಐ ಆನ್ ದಿ ಗ್ಲ್ಯಾಂಡ್ ಅಂಡ್ ದಿ ಬೇರಿಂಗ್ ಹೌಸಿಂಗ್. ಎ ಸ್ಲೈಟ್ ಲೀಕ್ ಈಸ್ ನಾರ್ಮಲ್. ಇಫ್ ಇಟ್ ಈಸ್ ಎಕ್ಸೆಸಿವ್, ಟೈಟನ್ ಇಟ್ ಎ ಬಿಟ್. ರಿಪ್ಲೇಸ್ ದಿ ಪ್ಯಾಕಿಂಗ್ ವೆನ್ ಇಟ್ ಈಸ್ ಶಾಟ್.' ಇಂಗ್ಲಿಷ್ ಬಲ್ಲವರಿಗೆ ಇದರಲ್ಲಿ ತೊಡಕು ಕಾಣುವುದಿಲ್ಲ. ಪಂಪ್ ಕೆಡಿಸುವುದಕ್ಕೆ ಬೇಕಾದ್ದೆಲ್ಲ ಮಾತ್ರ ಇದರಲ್ಲಿದೆ.

ಪಂಪಿನ ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ನೀರು ನುಗ್ಗದಂತೆ ಹೆಣೆದ ಹುರಿಯ ಉಂಗುರಗಳನ್ನು ಒತ್ತಿ ಕೂರಿಸಿರುತ್ತಾರೆ. ಅದೇ ಪ್ಯಾಕಿಂಗ್. ಅದನ್ನು ಅದುಮಿ ಹಿಡಿಯುವ ಬಿಲ್ಲೆ ಗ್ಲ್ಯಾಂಡ್. ಅದನ್ನು ಬಿಗಿಯುವುದು ಎರಡು ನಟ್‌ಗಳು. ತಿರುಗುವ ಶಾಫ್ಟಿಗೆ ಪ್ಯಾಕಿಂಗ್ ಸದಾ ಉಜ್ಜುತ್ತಿರುವುದರಿಂದ ಅದನ್ನು ತಂಪಾಗಿಡಲು ಮತ್ತು ಜಾರುವಂತೆ ಮಾಡಲು ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುತ್ತಲೇ ಇರಬೇಕು. ಸೋರಿಕೆಯನ್ನು ಪೂರ್ತಿ ನಿಲ್ಲಿಸುವಷ್ಟು ನಟ್ ಬಿಗಿದರೆ ಪ್ಯಾಕಿಂಗ್ ಸುಟ್ಟುಹೋಗುತ್ತದೆ, ಶಾಫ್ಟಿನ ತೋಳಿನ ಮೇಲೆ ಗೀರು ಬೀಳುತ್ತದೆ. ಗ್ಲ್ಯಾಂಡಿನಿಂದ ಹೊಗೆ ಏಳುವುದು, ಮುಟ್ಟಲಾರದಷ್ಟು ಬಿಸಿಯಾಗುವುದು ಇದರ ಗುರುತು.

ತಿದ್ದುವಾಗ ಮೊದಲು ಕೈಹಾಕಬೇಕಾದದ್ದು ನುಡಿಗಟ್ಟುಗಳಿಗೆ, ಏಕೆಂದರೆ ಅವು ಸುಲಭವಾಗಿ ಕಾಣುತ್ತವೆ. 'ಅಪ್ ಅಂಡ್ ರನ್ನಿಂಗ್' ಎಂದರೆ ಸ್ವಿಚ್ ಒತ್ತಿದ ಕೂಡಲೇ ಎಂದೋ, ಪೂರ್ಣ ವೇಗ ಬಂದ ಮೇಲೆ ಎಂದೋ ತಿಳಿಯದು. 'ಕೀಪ್ ಆ್ಯನ್ ಐ' ಎನ್ನುವುದು ಎಷ್ಟು ಹೊತ್ತಿಗೊಮ್ಮೆ ನೋಡಬೇಕೆಂದು ಹೇಳುವುದಿಲ್ಲ. 'ಶಾಟ್' ಆದ ಪ್ಯಾಕಿಂಗ್ ಹೇಗಿರುತ್ತದೆಂದು ಬರೆದವರಿಗಷ್ಟೇ ಗೊತ್ತು. ಇಲ್ಲಿ ನುಡಿಗಟ್ಟಿಗೆ ಬದಲಾಗಿ ಇನ್ನೊಂದು ಸರಳ ಪದ ಹಾಕಿದರೆ ಸಾಲದು. ಅದರ ಹಿಂದೆ ಮರೆಯಾಗಿರುವ ಸಮಯವನ್ನೋ ಗುರುತನ್ನೋ ಬರೆಯಬೇಕು. ನುಡಿಗಟ್ಟಿನಂತೆ ಕಾಣದ ಸಾಮಾನ್ಯ ಪದಗಳೂ ಹೀಗೇ ಕೈಕೊಡುತ್ತವೆ. 'ರಿಪ್ಲೇಸ್' ಎಂದರೆ ತೆಗೆದದ್ದನ್ನೇ ಮತ್ತೆ ಕೂರಿಸುವುದೂ ಹೌದು, ಹೊಸದನ್ನು ಹಾಕುವುದೂ ಹೌದು. 'ಒನ್ಸ್' ಎಂದರೆ ಒಂದು ಸಲವೂ ಹೌದು, ಆದ ಬಳಿಕವೂ ಹೌದು. 'ದಿ' ಬಿಟ್ಟು ತಂತಿ ಸಂದೇಶದಂತೆ 'ಚೆಕ್ ವಾಲ್ವ್' ಎಂದು ಬರೆದರೆ ಅದು ವಾಲ್ವ್ ಪರೀಕ್ಷಿಸಿ ಎಂಬ ಸೂಚನೆಯೋ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವಿನ ಹೆಸರೋ ಗೊತ್ತಾಗದು.

ಸರ್ವನಾಮದ ತೊಡಕು ಇದಕ್ಕಿಂತ ಆಳ. 'ಇಫ್ ಇಟ್ ಈಸ್ ಎಕ್ಸೆಸಿವ್, ಟೈಟನ್ ಇಟ್' ಎಂಬಲ್ಲಿ ಎರಡು 'ಇಟ್' ಇವೆ. ಮೊದಲನೆಯದು ಸೋರಿಕೆ, ಎರಡನೆಯದು ಗ್ಲ್ಯಾಂಡ್ ಇರಬೇಕು. ಆದರೆ ಮೊದಲ ವಾಕ್ಯದಲ್ಲಿ ಬೇರಿಂಗ್ ಹೌಸಿಂಗ್ ಕೂಡ ಇದೆ. ಅಲ್ಲಿಂದ ಸೋರುವುದು ಎಣ್ಣೆ, ಅದು 'ನಾರ್ಮಲ್' ಅಲ್ಲ. ಜರ್ಮನ್ ಭಾಷೆಯಲ್ಲಿ ನಿರ್ಜೀವ ವಸ್ತುಗಳ ಹೆಸರಿಗೂ ಲಿಂಗಭೇದವಿದೆ, ಸರ್ವನಾಮ ಅದಕ್ಕೆ ಹೊಂದಬೇಕು. ಹಾಗಾಗಿ ಅನುವಾದಕರು ಯಾವುದಾದರೂ ಒಂದು ಹೆಸರನ್ನು ಆರಿಸಿಕೊಳ್ಳಲೇಬೇಕಾಗುತ್ತದೆ, ಅನುಮಾನ ಬಂದರೆ ಕೇಳುತ್ತಾರೆ. ಕನ್ನಡದಲ್ಲಿ ಆ ಒತ್ತಾಯವಿಲ್ಲ. 'ಹೆಚ್ಚಾದರೆ ಸ್ವಲ್ಪ ಬಿಗಿ ಮಾಡಿ' ಎಂದು ಸರ್ವನಾಮವನ್ನೇ ಬಿಟ್ಟು ಬರೆಯಬಹುದು. ವಾಕ್ಯ ಸಲೀಸಾಗಿ ಓದಿಸಿಕೊಳ್ಳುತ್ತದೆ, ಏನು ಹೆಚ್ಚಾದರೆ, ಯಾವುದನ್ನು ಬಿಗಿಯಬೇಕು ಎಂಬ ಪ್ರಶ್ನೆ ಅದರೊಳಗೇ ಉಳಿದು ಪಂಪಿನ ಬಳಿಗೆ ಹೋಗುತ್ತದೆ. ಆದ್ದರಿಂದ ಕನ್ನಡಕ್ಕೆ ಹೋಗುವ ಮೂಲದಲ್ಲಿ ಸರ್ವನಾಮದ ಜಾಗಕ್ಕೆ ಹೆಸರನ್ನೇ ಮತ್ತೆ ಬರೆಯುವುದು ಇನ್ನೂ ಅಗತ್ಯ. ಹೆಸರು ಮರುಕಳಿಸಿದರೆ ಶೈಲಿ ಕೆಡುತ್ತದೆಂಬ ಶಾಲಾ ಪಾಠ ಇಲ್ಲಿ ಅಪಾಯಕಾರಿ. ಒಮ್ಮೆ ಗ್ಲ್ಯಾಂಡ್ ಎಂದದ್ದನ್ನು ಇನ್ನೊಮ್ಮೆ ಫಾಲೋವರ್ ಎಂದು ಕರೆದರೆ ಅನುವಾದಕರು ಎರಡು ಬೇರೆ ಬಿಡಿಭಾಗಗಳೆಂದೇ ತಿಳಿಯುತ್ತಾರೆ.

ಮೂರನೆಯದು ಅಳತೆ. 'ಸ್ಲೈಟ್', 'ಎಕ್ಸೆಸಿವ್', 'ಎ ಬಿಟ್' ಎಂಬ ಮೂರನ್ನೂ ಕನ್ನಡಕ್ಕೆ ತರುವುದು ಕಷ್ಟವಲ್ಲ. ತಂದ ಮೇಲೂ ಮೆಕ್ಯಾನಿಕ್‌ಗೆ ಏನೂ ತಿಳಿದಿರುವುದಿಲ್ಲ. ಈ ಕೊರತೆಯನ್ನು ಸಂಪಾದಕರಾಗಲಿ ಅನುವಾದಕರಾಗಲಿ ತುಂಬಲಾರರು. ಪಂಪ್ ವಿನ್ಯಾಸ ಮಾಡಿದವರೇ ಸಂಖ್ಯೆ ಕೊಡಬೇಕು. ಅನೇಕ ಪಂಪುಗಳಿಗೆ ಗ್ಲ್ಯಾಂಡಿನಿಂದ ನಿಮಿಷಕ್ಕೆ 40ರಿಂದ 60 ಹನಿ ಬೀಳಬಹುದೆನ್ನುವುದು ವಾಡಿಕೆ, ಆದರೆ ಶಾಫ್ಟಿನ ಗಾತ್ರ ಮತ್ತು ವೇಗಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಸಂಖ್ಯೆ ಇದ್ದರೂ ಮಾನ ಖಚಿತವಿರಬೇಕು: ಗ್ಯಾಲನ್ ಎಂದಷ್ಟೇ ಬರೆದರೆ ಅಮೆರಿಕದ 3.785 ಲೀಟರೋ, ಬ್ರಿಟನ್ನಿನ 4.546 ಲೀಟರೋ ಎಂದು ಊಹಿಸಬೇಕಾಗುತ್ತದೆ.

ಆ ನಾಲ್ಕು ವಾಕ್ಯಗಳು ತಿದ್ದಿದ ಮೇಲೆ ಹೇಳುವ ವಿಷಯ ಕನ್ನಡದಲ್ಲಿ ಹೀಗಿರುತ್ತದೆ: ಪಂಪನ್ನು ಚಾಲು ಮಾಡಿ 10 ನಿಮಿಷ ಓಡಿಸಿ. ಗ್ಲ್ಯಾಂಡಿನಿಂದ ಒಂದು ನಿಮಿಷದಲ್ಲಿ ಬೀಳುವ ನೀರಿನ ಹನಿಗಳನ್ನು ಎಣಿಸಿ. ಹನಿಗಳು 60ಕ್ಕಿಂತ ಹೆಚ್ಚಿದ್ದರೆ ಗ್ಲ್ಯಾಂಡಿನ ಎರಡೂ ನಟ್‌ಗಳನ್ನು ಆರನೇ ಒಂದು ಸುತ್ತಿನಷ್ಟು ಬಿಗಿ ಮಾಡಿ. 10 ನಿಮಿಷ ಕಾದು ಹನಿಗಳನ್ನು ಮತ್ತೆ ಎಣಿಸಿ. ಹನಿಗಳು 40ಕ್ಕಿಂತ ಕಡಿಮೆಯಾದರೆ ಎರಡೂ ನಟ್‌ಗಳನ್ನು ಅಷ್ಟೇ ಸಡಿಲಿಸಿ. ಗ್ಲ್ಯಾಂಡ್ ಇನ್ನು ಒಳಗೆ ಸರಿಯದಷ್ಟು ಬಿಗಿದ ಮೇಲೂ ಹನಿಗಳು 60ಕ್ಕಿಂತ ಹೆಚ್ಚಿದ್ದರೆ ಪಂಪ್ ನಿಲ್ಲಿಸಿ, ಹಳೆಯ ಪ್ಯಾಕಿಂಗ್ ಉಂಗುರಗಳನ್ನೆಲ್ಲ ತೆಗೆದು ಹೊಸ ಉಂಗುರಗಳನ್ನು ಹಾಕಿ. ಬೇರಿಂಗ್ ಹೌಸಿಂಗಿನಿಂದ ಎಣ್ಣೆ ಸೋರಿದರೆ ಪಂಪ್ ನಿಲ್ಲಿಸಿ. 'ಎ ಬಿಟ್' ಎಂಬುದು ಆರನೇ ಒಂದು ಸುತ್ತಾದದ್ದಕ್ಕೆ ಕಾರಣವಿದೆ: ಆರು ಮುಖದ ನಟ್ಟಿನಲ್ಲಿ ಅದು ಒಂದು ಮುಖದಷ್ಟು ತಿರುವು, ಅಳೆಯಲು ಬೇರೆ ಸಾಧನ ಬೇಡ.

ಪಠ್ಯ ಉದ್ದವಾಯಿತು, ನಿಜ. ಪ್ರತಿ ವಾಕ್ಯ ಮಾತ್ರ ಚಿಕ್ಕದಾಯಿತು, ಷರತ್ತು ಮೊದಲು ಬಂದು ಕೆಲಸ ಆಮೇಲೆ ಬಂತು. ಕನ್ನಡದ ಕ್ರಮವೂ ಅದೇ. ಷರತ್ತನ್ನು ಕೊನೆಗೆ ತಳ್ಳಿದ ಉದ್ದ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರುವಾಗ ಬಾಲದಿಂದ ತಲೆಗೆ ತಿರುಗಿಸಬೇಕಾಗುತ್ತದೆ, ಆಗಲೇ ತುಂಡುಗಳು ಕೈತಪ್ಪುವುದು. ವಿಮಾನ ದುರಸ್ತಿಯ ಕೈಪಿಡಿಗಳಿಗಾಗಿ ಯುರೋಪಿನ ವಿಮಾನ ಉದ್ಯಮ 1980ರ ದಶಕದಲ್ಲಿ ರೂಪಿಸಿದ, ಈಗ ಎಎಸ್‌ಡಿ-ಎಸ್‌ಟಿಇ100 ಎಂಬ ಹೆಸರಿನ ಸರಳ ಇಂಗ್ಲಿಷ್ ನಿಯಮಾವಳಿ, ಕೆಲಸ ಹೇಳುವ ವಾಕ್ಯಕ್ಕೆ 20 ಪದಗಳ ಮಿತಿ ಹಾಕುತ್ತದೆ; ವಿವರಣೆಯ ವಾಕ್ಯಕ್ಕೆ 25. ಪದಕ್ಕೆ ಒಂದೇ ಅರ್ಥವಿರಬೇಕೆಂಬುದೂ ಅದರ ಕಟ್ಟಳೆ: 'ಫಾಲೋ' ಎಂದರೆ ಹಿಂದೆ ಬರುವುದಷ್ಟೇ, ಸೂಚನೆಯನ್ನು ಪಾಲಿಸುವುದಕ್ಕೆ 'ಒಬೇ' ಎಂದೇ ಬರೆಯಬೇಕು. ಇಂಗ್ಲಿಷ್ ತಾಯ್ನುಡಿಯಲ್ಲದ ಮೆಕ್ಯಾನಿಕ್‌ಗಳು ನೇರ ಓದಲೆಂದು ಹುಟ್ಟಿದ ನಿಯಮಗಳಿವು, ಅನುವಾದಕ್ಕೂ ಒದಗಿಬಂದವು. ಆದರೆ ನಿಯಮಾವಳಿ ವಾಕ್ಯವನ್ನು ಸರಿಮಾಡಬಲ್ಲದೇ ಹೊರತು ತಪ್ಪು ಸಂಖ್ಯೆಯನ್ನಲ್ಲ.

ಮೂಲ ಸಿದ್ಧವಾಯಿತೇ ಎಂದು ನೋಡುವ ನಂಬಿಕಸ್ಥ ದಾರಿಯೊಂದಿದೆ. ಒಂದು ಪುಟವನ್ನು ಇಬ್ಬರು ಅನುವಾದಕರಿಗೆ ಬೇರೆಬೇರೆಯಾಗಿ ಕೊಟ್ಟು, ಅರ್ಥ ಎಲ್ಲಿ ಕವಲೊಡೆದಿದೆ ಎಂದು ಹೋಲಿಸಬೇಕು. ಅಲ್ಲಿ ಸಿಕ್ಕ ಪ್ರಶ್ನೆಗಳಿಗೆ ಎಂಜಿನಿಯರುಗಳು ಆ ಅನುವಾದಕರಿಗಷ್ಟೇ ಉತ್ತರ ಕೊಟ್ಟು ಸುಮ್ಮನಾಗಬಾರದು. ಉತ್ತರವನ್ನು ಇಂಗ್ಲಿಷ್ ಕಡತದಲ್ಲೇ ಬರೆದು, ಆಮೇಲೆ ಮುಂದಿನ ಭಾಷೆಗೆ ಕಳಿಸಬೇಕು.